ತೀರ್ಪು ಕೊಡಲು ಹೊರಟ ತಿದ್ದುಪಡಿ: 39ನೇ ತಿದ್ದುಪಡಿ ಮತ್ತು ಮೂಲ ರಚನೆಯ ತತ್ವ

ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ನ್ಯಾಯಾಲಯ ಅದನ್ನು ರದ್ದುಪಡಿಸುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಕಾನೂನನ್ನು ಅಳೆಯುವ ಗಜವಾಗಿ ಸಂವಿಧಾನ ಅಲ್ಲಿ ಇರುತ್ತದೆ. ಆದರೆ ಸಂವಿಧಾನದ ತಿದ್ದುಪಡಿಯನ್ನೇ ಪ್ರಶ್ನಿಸಿದಾಗ ಅದನ್ನು ಯಾವುದರಿಂದ ಅಳೆಯಬೇಕು? ತಿದ್ದುಪಡಿ ಅಂಗೀಕಾರವಾದ ಮೇಲೆ ಅದೂ ಸಂವಿಧಾನದ ಭಾಗವೇ ಅಲ್ಲವೇ? ಭಾರತದ ಸುಪ್ರೀಂ ಕೋರ್ಟ್ 1973ರಿಂದ ಕೊಡುತ್ತ ಬಂದಿರುವ ಉತ್ತರ ‘ಮೂಲ ರಚನೆ’. ಆ ರಚನೆಯಲ್ಲಿ ಪ್ರಜಾಪ್ರಭುತ್ವ, ಜಾತ್ಯತೀತತೆ, ಒಕ್ಕೂಟ ವ್ಯವಸ್ಥೆ, ನ್ಯಾಯಾಂಗದ ಸ್ವಾತಂತ್ರ್ಯ ಇತ್ಯಾದಿ ಏನೆಲ್ಲ ಸೇರುತ್ತವೆ ಎಂಬ ಪಟ್ಟಿಯ ಸುತ್ತಲೇ ಚರ್ಚೆ ಸಾಮಾನ್ಯವಾಗಿ ನಡೆಯುತ್ತದೆ. ಈ ತತ್ವದ ಗಟ್ಟಿಯಾದ ಆಧಾರ ಆ ಪಟ್ಟಿಯಲ್ಲಿಲ್ಲ ಎಂಬುದು ಈ ಲೇಖನದ ವಾದ. ನಿಯಮವನ್ನು ಬದಲಿಸುವುದು ಬೇರೆ, ನಿಯಮವೇ ಇಲ್ಲದಂತೆ ಮಾಡಿಕೊಳ್ಳುವುದು ಬೇರೆ. ಮೊದಲನೆಯದಕ್ಕಾಗಿ ಕೊಟ್ಟ ಅಧಿಕಾರದಲ್ಲಿ ಎರಡನೆಯದು ಅಡಗಿರಲಾರದು ಎಂಬುದೇ ಅದರ ಆಧಾರ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು 1975ರ 39ನೇ ತಿದ್ದುಪಡಿ ಮತ್ತು ಅದರ ಮೇಲೆ ಬಂದ ತೀರ್ಪು.

ಈ ಪ್ರಕರಣಕ್ಕೊಂದು ಹಿನ್ನೆಲೆಯಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನುಗಳನ್ನು ಪ್ರಶ್ನಿಸಿ ಹೂಡಿದ ದಾವೆಯನ್ನು ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಿಚಾರಣೆ ಮಾಡಿ, 1973ರ ಏಪ್ರಿಲ್ 24ರಂದು ತೀರ್ಪು ನೀಡಿತು. 368ನೇ ವಿಧಿಯಡಿ ಸಂಸತ್ತು ಮೂಲಭೂತ ಹಕ್ಕುಗಳೂ ಸೇರಿದಂತೆ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಅಳಿಸುವಂತಿಲ್ಲ ಎಂಬುದು 7–6ರ ಬಹುಮತದ ಸಾರ. ಆರು ಮಂದಿ ತಿದ್ದುಪಡಿಯ ಅಧಿಕಾರಕ್ಕೆ ಇಂಥ ಮಿತಿಯನ್ನು ಒಪ್ಪಲಿಲ್ಲ. ತೀರ್ಪಿನ ಬೆನ್ನಿಗೇ, ಬಹುಮತದಲ್ಲಿದ್ದ ಶೆಲತ್, ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಅವರ ಹಿರಿತನವನ್ನು ಬದಿಗಿಟ್ಟು, ಭಿನ್ನಮತದಲ್ಲಿದ್ದ ಎ.ಎನ್. ರೇ ಅವರನ್ನು ಸರ್ಕಾರ ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿತು. ಹೀಗೆ ಈ ತತ್ವ ಹುಟ್ಟುವಾಗಲೇ ಒಂದೇ ಮತದ ಅಂತರದಲ್ಲಿ ನಿಂತಿತ್ತು. ಅದು ಉಳಿಯುತ್ತದೆಂಬ ಭರವಸೆಯೂ ಇರಲಿಲ್ಲ.

ಎರಡು ವರ್ಷಗಳ ನಂತರ ಪರೀಕ್ಷೆಯ ಕಾಲ ಬಂತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ, ರಾಯಬರೇಲಿಯಿಂದ 1971ರಲ್ಲಿ ನಡೆದ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಸರ್ಕಾರಿ ಹುದ್ದೆಯಲ್ಲಿದ್ದ ಯಶಪಾಲ್ ಕಪೂರ್ ಅವರ ಸೇವೆಯನ್ನು ಚುನಾವಣೆಗೆ ಬಳಸಿಕೊಂಡದ್ದು, ಪ್ರಚಾರ ಸಭೆಗಳ ವೇದಿಕೆ ಮತ್ತು ಧ್ವನಿವರ್ಧಕದ ವ್ಯವಸ್ಥೆಗೆ ರಾಜ್ಯದ ಅಧಿಕಾರಿಗಳ ನೆರವು ಪಡೆದದ್ದು ಚುನಾವಣಾ ಭ್ರಷ್ಟಾಚಾರ ಎಂಬುದು ಅವರ ನಿರ್ಣಯ. ಪ್ರಧಾನಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. ಷರತ್ತಿನ ತಡೆಯಾಜ್ಞೆ ಸಿಕ್ಕಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮೇಲ್ಮನವಿಯ ವಿಚಾರಣೆ ಆಗಸ್ಟ್ 11ಕ್ಕೆ ನಿಗದಿಯಾಗಿತ್ತು. ಆಗಸ್ಟ್ 7ರಂದು ಲೋಕಸಭೆಯಲ್ಲಿ 39ನೇ ತಿದ್ದುಪಡಿಯ ಮಸೂದೆ ಮಂಡನೆಯಾಗಿ ಅಂದೇ ಅಂಗೀಕಾರವಾಯಿತು. 8ರಂದು ರಾಜ್ಯಸಭೆ ಒಪ್ಪಿತು. 9ರಂದು ರಾಜ್ಯಗಳ ಶಾಸನಸಭೆಗಳು ಅನುಮೋದಿಸಿದವು. 10ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ವಿರೋಧ ಪಕ್ಷಗಳ ಹಲವು ಸದಸ್ಯರು ಆಗ ಸೆರೆಮನೆಯಲ್ಲಿದ್ದರು. ಆದರೂ 368ನೇ ವಿಧಿ ಕೇಳುವ ಮೂರನೇ ಎರಡರ ಬಹುಮತಕ್ಕಾಗಲಿ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಗಾಗಲಿ ಕೊರತೆಯಿರಲಿಲ್ಲ.

ಆ ತಿದ್ದುಪಡಿ ಸೇರಿಸಿದ 329ಎ ವಿಧಿಯ ನಾಲ್ಕನೇ ಖಂಡ ಮಾಡಿದ್ದೇನು ಎಂಬುದನ್ನು ಬಿಡಿಸಿ ನೋಡಬೇಕು. ಪ್ರಧಾನಿ ಮತ್ತು ಸ್ಪೀಕರ್ ಆಯ್ಕೆಗೆ ಸಂಬಂಧಿಸಿದಂತೆ ಹಿಂದಿನ ಚುನಾವಣಾ ತಕರಾರು ಕಾನೂನುಗಳು ಎಂದೂ ಅನ್ವಯಿಸಿರಲೇ ಇಲ್ಲ ಎಂದು ಅದು ಸಾರಿತು. ಆ ಕಾನೂನಿನ ಯಾವ ಕಾರಣಕ್ಕೂ ಅಂಥ ಆಯ್ಕೆ ಅಸಿಂಧುವಾಗದು, ಅಸಿಂಧುವೆಂದ ತೀರ್ಪು ಮೊದಲಿನಿಂದಲೂ ನಿರರ್ಥಕ ಎಂದೂ ಹೇಳಿತು. ಹಳೆಯ ಕಾನೂನನ್ನು ತೆಗೆದ ಜಾಗದಲ್ಲಿ ಹೊಸದನ್ನು ಇಡಲಿಲ್ಲ. ಆಯ್ಕೆ ಸಿಂಧು ಎಂಬ ತೀರ್ಮಾನ ಮಾತ್ರ ಉಳಿಯಿತು. ಯಾವ ಕಾನೂನಿನ ಪ್ರಕಾರ ಸಿಂಧು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಮೇಲ್ನೋಟಕ್ಕೆ ತಿದ್ದುಪಡಿಯಾಗಿದ್ದ ಇದು ನಿಜದಲ್ಲಿ, ಸಾಕ್ಷ್ಯವನ್ನು ನೋಡದೆ, ವಾದವನ್ನು ಕೇಳದೆ, ಕಾನೂನನ್ನು ಅನ್ವಯಿಸದೆ ಒಂದು ದಾವೆಯಲ್ಲಿ ಕೊಟ್ಟ ತೀರ್ಪಾಗಿತ್ತು.

ಐದು ನ್ಯಾಯಮೂರ್ತಿಗಳ ಪೀಠ 1975ರ ನವೆಂಬರ್ 7ರಂದು ಈ ಖಂಡವನ್ನು ರದ್ದುಪಡಿಸಿತು. ಇಲ್ಲಿ ಗಮನಿಸಬೇಕಾದದ್ದು ಪೀಠದ ರಚನೆ. ರೇ, ಮ್ಯಾಥ್ಯೂ, ಬೇಗ್, ಚಂದ್ರಚೂಡ್ ನಾಲ್ವರೂ 1973ರಲ್ಲಿ ಮೂಲ ರಚನೆಯ ಮಿತಿಯನ್ನು ಒಪ್ಪದವರು, ಒಪ್ಪಿದ್ದವರು ಎಚ್.ಆರ್. ಖನ್ನಾ ಒಬ್ಬರೇ. ಹಿಂದಿನ ತೀರ್ಪಿಗೆ ಕಟ್ಟುಬಿದ್ದು ಆ ನಾಲ್ವರು ವಿಚಾರಣೆ ಮಾಡಿದರು ನಿಜ. ಆದರೆ ಪೀಠ ಕೊಟ್ಟ ಕಾರಣಗಳು ಕೇವಲ ವಿಧೇಯತೆಯವಲ್ಲ. ಮುಕ್ತ, ನ್ಯಾಯಸಮ್ಮತ ಚುನಾವಣೆ ಪ್ರಜಾಪ್ರಭುತ್ವದ ಬುನಾದಿ ಎಂದು ಖನ್ನಾ ಹೇಳಿದರು. ವಿವಾದವನ್ನು ತೀರ್ಮಾನಿಸಲು ಸತ್ಯಾಂಶ ಗೊತ್ತುಮಾಡಿಕೊಂಡು ಅದಕ್ಕೆ ಕಾನೂನನ್ನು ಅನ್ವಯಿಸಬೇಕು, ಸಂವಿಧಾನ ತಿದ್ದುವ ಅಧಿಕಾರ ಆ ಕೆಲಸಕ್ಕೆ ಬದಲಿಯಲ್ಲ ಎಂಬುದು ಮ್ಯಾಥ್ಯೂ ವಾದದ ತಿರುಳು. ಯಾವ ಕಾನೂನಿನ ಮಾನದಂಡವೂ ಇಲ್ಲದೆ ಆಯ್ಕೆಯನ್ನು ಸಿಂಧುಗೊಳಿಸಿದ್ದೇ ದೋಷ ಎಂದು ರೇ ಕಂಡರು. ಒಬ್ಬರನ್ನು ಎಲ್ಲರಿಗೂ ಅನ್ವಯಿಸುವ ಕಾನೂನಿನಾಚೆ ನಿಲ್ಲಿಸುವುದು ಸಮಾನತೆಯ ನಿರಾಕರಣೆ ಎಂದರು ಚಂದ್ರಚೂಡ್. ಬೇಗ್ ಮಾತ್ರ ಬೇರೆ ದಾರಿ ಹಿಡಿದರು. ತಿದ್ದುಪಡಿಗೆ ಮಿತಿಯೇ ಇಲ್ಲವೆಂದಿದ್ದ ಉಳಿದ ಮೂವರು ಕೂಡ ಮಿತಿಯಿಲ್ಲದ ಅಧಿಕಾರದ ನಿಜರೂಪ ಕಣ್ಣೆದುರು ಬಂದಾಗ ಅದನ್ನು ತಿದ್ದುಪಡಿಯೆಂದು ಕರೆಯಲಾರದೆ ಹೋದರು. ತತ್ವದ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಕಷ್ಟ.

ಇದೇ ತೀರ್ಪಿನ ಇನ್ನರ್ಧ ವಾದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಸಂಸತ್ತು ಅದೇ ಹೊತ್ತಿನಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಯನ್ನೂ ಪೂರ್ವಾನ್ವಯವಾಗಿ ಬದಲಿಸಿತ್ತು. ಒಬ್ಬರು ಯಾವಾಗಿನಿಂದ ‘ಅಭ್ಯರ್ಥಿ’ ಎನಿಸಿಕೊಳ್ಳುತ್ತಾರೆ, ಅಧಿಕಾರಿಗಳು ಕರ್ತವ್ಯದ ಭಾಗವಾಗಿ ಮಾಡಿದ ವ್ಯವಸ್ಥೆ ನೆರವೆನಿಸುತ್ತದೆಯೇ ಎಂಬ ವ್ಯಾಖ್ಯೆಗಳೇ ಬದಲಾಗಿದ್ದವು. ಈ ಬದಲಾವಣೆಗಳನ್ನು ನ್ಯಾಯಾಲಯ ಎತ್ತಿಹಿಡಿಯಿತು, ಅವುಗಳ ಆಧಾರದಲ್ಲೇ ಮೇಲ್ಮನವಿಯನ್ನು ಒಪ್ಪಿ ಆಯ್ಕೆಯನ್ನು ಸಿಂಧುಗೊಳಿಸಿತು. ಪ್ರಧಾನಿಗೆ ಸಿಕ್ಕ ಫಲ ಎರಡೂ ದಾರಿಯಲ್ಲಿ ಒಂದೇ. ಹಾಗಾದರೆ ಖಂಡವನ್ನು ರದ್ದುಪಡಿಸಿ ಸಾಧಿಸಿದ್ದೇನು ಎಂದು ಕೇಳಬಹುದು. ಕಾಯ್ದೆಯ ಬದಲಾವಣೆ ಎಷ್ಟೇ ಅನುಕೂಲಸಿಂಧುವಾಗಿದ್ದರೂ ಅದು ನಿಯಮವಾಗಿತ್ತು. ಎಲ್ಲ ಅಭ್ಯರ್ಥಿಗಳಿಗೂ ಅನ್ವಯಿಸುತ್ತಿತ್ತು. ಅದಕ್ಕೆ ಸತ್ಯಾಂಶ ಹೊಂದುತ್ತದೆಯೇ ಎಂದು ನ್ಯಾಯಾಲಯ ನೋಡಬೇಕಿತ್ತು. ನಾಲ್ಕನೇ ಖಂಡ ನೋಡುವುದಕ್ಕೇ ಅವಕಾಶ ಕೊಡಲಿಲ್ಲ. ನ್ಯಾಯಾಲಯ ತಡೆದದ್ದು ಆ ಫಲವನ್ನಲ್ಲ, ಕಾನೂನಿಗೆ ಉತ್ತರಿಸದೆ ಫಲ ಪಡೆಯುವ ಕ್ರಮವನ್ನು.

ಮೊದಲ ಆಕ್ಷೇಪ ಸಂವಿಧಾನದ ಪಠ್ಯದ್ದು. ಸೇರ್ಪಡೆ, ಬದಲಾವಣೆ, ರದ್ದತಿಯ ಮೂಲಕ ಯಾವ ವಿಧಿಯನ್ನಾದರೂ ತಿದ್ದಬಹುದೆಂದು 368ನೇ ವಿಧಿ ಹೇಳುತ್ತದೆ. ಮಿತಿಯ ಮಾತು ಅಲ್ಲಿಲ್ಲ. ನಿಜ. ಆದರೆ ಈ ಅಧಿಕಾರ ಹುಟ್ಟುವುದೂ ಅದೇ ಸಂವಿಧಾನದಿಂದ. ಅದನ್ನು ಚಲಾಯಿಸುವ ಸಂಸತ್ತು ಆ ಸಂವಿಧಾನದಿಂದಲೇ ಅಸ್ತಿತ್ವ ಪಡೆದದ್ದು, ಅವಧಿಗೆ ಒಳಪಟ್ಟದ್ದು. ಸೃಷ್ಟಿಯಾದ ಅಧಿಕಾರ ತನ್ನನ್ನು ಸೃಷ್ಟಿಸಿದ್ದರ ಜಾಗದಲ್ಲಿ ಕೂರಲಾಗದು. 42ನೇ ತಿದ್ದುಪಡಿ 1976ರಲ್ಲಿ ಈ ತರ್ಕವನ್ನೇ ಮುಗಿಸಲು ನೋಡಿತು. ಯಾವ ತಿದ್ದುಪಡಿಯನ್ನೂ ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು 368ನೇ ವಿಧಿಗೆ ಎರಡು ಖಂಡಗಳನ್ನು ಸೇರಿಸಿತು. ಬೆಂಗಳೂರಿನ ಮಿನರ್ವ ಮಿಲ್ಸ್ ರಾಷ್ಟ್ರೀಕರಣದಿಂದ ಎದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಅವೆರಡನ್ನೂ ರದ್ದುಪಡಿಸಿತು. ಸೀಮಿತ ಅಧಿಕಾರ ಪಡೆದವರು ಆ ಅಧಿಕಾರವನ್ನು ಬಳಸಿಯೇ ಅದನ್ನು ಅಸೀಮಿತವಾಗಿಸಿಕೊಳ್ಳಲು ಬಾರದು ಎಂಬುದು ಅದರ ತರ್ಕ. 31ಸಿ ವಿಧಿಯ ವಿಸ್ತರಣೆಯ ಬಗ್ಗೆ ಬಹುಮತವನ್ನು ಒಪ್ಪದ ಪಿ.ಎನ್. ಭಗವತಿ ಕೂಡ ಈ ಎರಡು ಖಂಡಗಳ ವಿಷಯದಲ್ಲಿ ಭಿನ್ನವಾಗಲಿಲ್ಲ.

ಎರಡನೆಯ ಆಕ್ಷೇಪ ಪ್ರಜಾಪ್ರಭುತ್ವದ್ದು, ಮತ್ತು ಹೆಚ್ಚು ಗಂಭೀರವಾದದ್ದು. ಜನ ಆರಿಸದ ನ್ಯಾಯಮೂರ್ತಿಗಳು ಜನಪ್ರತಿನಿಧಿಗಳ ವಿಶೇಷ ಬಹುಮತವನ್ನು ಮೀರುವುದೇಕೆ? ತಪ್ಪನ್ನು ಮತದಾರರೇ ತಿದ್ದಲಾರರೇ? 1977ರ ಚುನಾವಣೆಯಲ್ಲಿ ಸರ್ಕಾರ ಬದಲಾಗಿ, 1978ರ 44ನೇ ತಿದ್ದುಪಡಿ 329ಎ ವಿಧಿಯನ್ನೇ ಕಿತ್ತುಹಾಕಿತು. ಇದು ಈ ಆಕ್ಷೇಪಕ್ಕೆ ಬೆಂಬಲವಾಗಿ ಕಾಣುತ್ತದೆ. ಆದರೆ ಮತದಾರರ ತಿದ್ದುಪಡಿ ಚುನಾವಣೆ ನಡೆದರೆ ಮಾತ್ರ ಸಾಧ್ಯ, ಮತ್ತು ಅದು ನ್ಯಾಯವಾಗಿ ನಡೆದರೆ ಮಾತ್ರ ಅರ್ಥಪೂರ್ಣ. 1971ರಲ್ಲಿ ಆಯ್ಕೆಯಾದ ಲೋಕಸಭೆ ತುರ್ತು ಪರಿಸ್ಥಿತಿಯಲ್ಲಿ ತನ್ನ ಅವಧಿಯನ್ನು ವಿಸ್ತರಿಸಿಕೊಂಡಿತ್ತು. ನಾಲ್ಕನೇ ಖಂಡ ಮುಟ್ಟಿದ್ದು ಚುನಾವಣೆಯ ಅಕ್ರಮವನ್ನು ಪ್ರಶ್ನಿಸುವ ದಾರಿಯನ್ನೇ. ಮತದಾರರ ಕೈಯಲ್ಲಿರುವ ಉಪಾಯವನ್ನೇ ತಿದ್ದುಪಡಿ ಕುಂದಿಸಿದಾಗ, ಆ ಉಪಾಯವಿದೆಯಲ್ಲ ಎಂದು ನ್ಯಾಯಾಲಯ ಹಿಂದೆ ಸರಿಯಲಾಗದು.

ಮೂರನೆಯದು ಅಸ್ಪಷ್ಟತೆಯ ಆಕ್ಷೇಪ. ಪಟ್ಟಿ ಮುಗಿದಿಲ್ಲವಾದ್ದರಿಂದ ನ್ಯಾಯಮೂರ್ತಿಗಳು ತಮಗೆ ಇಷ್ಟವಾದುದನ್ನೆಲ್ಲ ಮೂಲ ರಚನೆ ಎನ್ನಬಹುದಲ್ಲವೇ? ಈ ಆಕ್ಷೇಪ ಪೂರ್ತಿ ಸುಳ್ಳಲ್ಲ ಎಂಬುದಕ್ಕೆ 99ನೇ ತಿದ್ದುಪಡಿಯ ಪ್ರಕರಣ ನಿದರ್ಶನ. ನ್ಯಾಯಮೂರ್ತಿಗಳ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯ ನ್ಯಾಯಮೂರ್ತಿಗಳು, ಕಾನೂನು ಸಚಿವ ಮತ್ತು ಇಬ್ಬರು ಗಣ್ಯರ ಆಯೋಗವನ್ನು ಅದು ರಚಿಸಿತ್ತು. 2015ರ ಅಕ್ಟೋಬರ್ 16ರಂದು 4–1ರ ಬಹುಮತ ಅದನ್ನು ರದ್ದುಪಡಿಸಿತು. ಚೆಲಮೇಶ್ವರ್ ಭಿನ್ನಮತ ಬರೆದರು. ನೇಮಕದಲ್ಲಿ ನ್ಯಾಯಾಂಗದ ಮಾತಿಗೇ ಮೇಲುಗೈ ಇರಬೇಕೆಂಬ ನಿಲುವನ್ನು ಬಹುಮತ ಸ್ವಾತಂತ್ರ್ಯದ ಅಂಗವಾಗಿ ಕಂಡಿತು. ಇಬ್ಬರು ಸದಸ್ಯರು ಸೇರಿದರೆ ಶಿಫಾರಸನ್ನು ತಡೆಯಬಹುದಾಗಿದ್ದುದರಿಂದ ಆತಂಕಕ್ಕೆ ಆಧಾರವಿತ್ತು. ಆದರೂ ಇಲ್ಲಿ ನ್ಯಾಯಾಲಯ ತನ್ನದೇ ಅಧಿಕಾರದ ವಿಷಯವನ್ನು ತಾನೇ ತೀರ್ಮಾನಿಸುತ್ತಿತ್ತು. ಆಯೋಗವೂ ಒಂದು ನಿಯಮ. ಅದರ ಕೆಲಸವನ್ನು ಮುಂದೆ ಪ್ರಶ್ನಿಸುವ ದಾರಿ ಮುಚ್ಚಿರಲಿಲ್ಲ. 1975ರ ಖಂಡಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಎರಡನ್ನೂ ‘ಮೂಲ ರಚನೆ’ ಎಂಬ ಒಂದೇ ಹೆಸರಿನಡಿ ತಂದಾಗ ಮೊದಲನೆಯ ತೀರ್ಪಿನ ಬಲ ಎರಡನೆಯದಕ್ಕೆ ಸಾಲವಾಗಿ ಸಿಗುತ್ತದೆ, ಅದು ಸಲ್ಲದು.

ಈ ತತ್ವ ಎಲ್ಲವನ್ನೂ ಕಾಯುತ್ತದೆಂಬ ಭ್ರಮೆಯೂ ಬೇಡ. ನಾಲ್ಕನೇ ಖಂಡವನ್ನು ರದ್ದುಪಡಿಸಿದ ಅದೇ ನ್ಯಾಯಾಲಯ, ಆರು ತಿಂಗಳೊಳಗೆ, 1976ರ ಏಪ್ರಿಲ್ 28ರಂದು ಜಬಲ್‌ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಹೇಬಿಯಸ್ ಕಾರ್ಪಸ್ ಕೋರಲಾಗದು ಎಂದಿತು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅಲ್ಲಿ ಪ್ರಶ್ನೆ ತಿದ್ದುಪಡಿಯದ್ದಲ್ಲ, ಸಂವಿಧಾನದಲ್ಲಿದ್ದ ತುರ್ತು ಅಧಿಕಾರದ ವ್ಯಾಖ್ಯಾನದ್ದು. ಸಂವಿಧಾನದ ಒಳಗಿನಿಂದಲೇ ಹಕ್ಕುಗಳು ಕುಸಿಯಬಲ್ಲವು; ತಿದ್ದುಪಡಿಯ ಮಿತಿ ಆ ಕುಸಿತವನ್ನು ತಡೆಯದು.

ಹಾಗಾಗಿ ತಿದ್ದುಪಡಿಯೊಂದು ಮುಂದೆ ಬಂದಾಗ ನ್ಯಾಯಾಲಯ ಮೊದಲು ಕೇಳಬೇಕಾದದ್ದು, ಅದು ಯಾವ ಉದಾತ್ತ ಮೌಲ್ಯವನ್ನು ತಾಕುತ್ತದೆ ಎಂದಲ್ಲ. ಆ ತಿದ್ದುಪಡಿ ಜಾರಿಯಾದ ಮೇಲೆ ಅಧಿಕಾರದಲ್ಲಿರುವವರನ್ನು ‘ಯಾವ ಕಾನೂನಿನಡಿ?’ ಎಂದು ಪ್ರಶ್ನಿಸುವ ಸ್ಥಳವೊಂದು ಉಳಿದಿರುತ್ತದೆಯೇ, ಮುಂದಿನ ಬಹುಮತ ಅದನ್ನು ಸಹಜ ಮಾರ್ಗದಲ್ಲಿ ಹಿಂತೆಗೆಯಬಲ್ಲದೇ ಎಂಬ ಎರಡು ಪ್ರಶ್ನೆಗಳು ಸಾಕು. ಇವೆರಡಕ್ಕೂ ಹೌದೆಂಬ ಉತ್ತರ ಸಿಕ್ಕರೆ, ತಿದ್ದುಪಡಿ ಎಷ್ಟೇ ಅಪ್ರಿಯವಾಗಿದ್ದರೂ ನ್ಯಾಯಾಲಯ ಕೈ ತಡೆಯಬೇಕು. ಒಂದಕ್ಕಾದರೂ ಇಲ್ಲವೆಂಬ ಉತ್ತರ ಬಂದರೆ, ಎಷ್ಟೇ ದೊಡ್ಡ ಬಹುಮತದಿಂದ ಅಂಗೀಕಾರವಾಗಿದ್ದರೂ ಅದು 368ನೇ ವಿಧಿ ಕೊಟ್ಟ ಅಧಿಕಾರದ ಹೊರಗಿನದು. ಈ ಅಳತೆಯಲ್ಲಿ ತತ್ವದ ವ್ಯಾಪ್ತಿ ಇಂದಿಗಿಂತ ಕಿರಿದಾಗುತ್ತದೆ, ಆದರೆ ಅದರ ನೆಲೆ ಗಟ್ಟಿಯಾಗುತ್ತದೆ.