ಕಬಡ್ಡಿ ಅಂಕಣದ ಅಂಚಿನಲ್ಲಿ ‘ಮಗ’: ಹಾಸನ ಸೀಮೆಯ ಒಂದು ಬೈಗುಳದ ಚರಿತ್ರೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಬಡ್ಡಿ ಪಂದ್ಯಗಳಲ್ಲಿ ಅಂಕಣದ ಸುತ್ತಲಿಂದ ಮತ್ತೆ ಮತ್ತೆ ಕೇಳಿಬರುವ ನಾಮಪದ ‘ಮಗ’. ಹುರಿದುಂಬಿಸುವುದಕ್ಕೂ ಅದೇ, ಹೀಯಾಳಿಸುವುದಕ್ಕೂ ಅದೇ. ಹಾಗಿರುವಾಗ ಇದು ಬೈಗುಳವಾಗುವುದು ಎಲ್ಲಿ ಎಂಬುದನ್ನಷ್ಟೇ ನಾವಿಲ್ಲಿ ಪರಿಶೀಲಿಸುತ್ತೇವೆ.

ದಾಳಿಗೆ ಹೊರಟವನನ್ನು ಕುರಿತು ‘ಹೋಗು ಮಗಾ’ ಎಂದಾಗ ಕೊನೆಯ ಸ್ವರ ದೀರ್ಘವಾಗುತ್ತದೆ, ಅರ್ಥ ‘ಗೆಳೆಯ’. ಹಳೆಯ ಮೈಸೂರಿನ ಈ ಸಂಬೋಧನೆಗೆ 2005ರ ‘ಜೋಗಿ’ ಚಿತ್ರದ ಹಾಡೊಂದು ಇನ್ನಷ್ಟು ಬಳಕೆ ತಂದಿತು. ಅದೇ ಆಟಗಾರ ಸಿಕ್ಕಿಬಿದ್ದಾಗ ‘ನನ್ಮಗನೇ’ ಎಂಬ ಕೂಗು ಏಳುತ್ತದೆ. ‘ಮಗನೇ’ ಎಂಬುದು ತಂದೆಯ ಬಾಯಲ್ಲಿ ವಾತ್ಸಲ್ಯದ ಕರೆಯೇ. ತಂದೆಯಲ್ಲದವನು ಅದಕ್ಕೆ ‘ನನ್’ ಸೇರಿಸಿ ಎದುರಿನವನನ್ನು ಕರೆದರೆ, ಅವನ ತಾಯಿಯ ಮೇಲೆ ತನ್ನ ಹಕ್ಕನ್ನು ಸಾರಿದಂತಾಗುತ್ತದೆ. ಆದರೆ ಆತ ಮೂವರನ್ನು ಔಟ್ ಮಾಡಿ ಮರಳಿದರೆ ‘ಏನ್ ಆಡ್ತಾನೋ ನನ್ಮಗ!’ ಎಂದು ಪಕ್ಕದವನಿಗೆ ಹೇಳುವುದು ಮೆಚ್ಚುಗೆ. ಪದ ಬದಲಾಗಿಲ್ಲ, ಪ್ರಥಮಪುರುಷದಲ್ಲಿ ಬಂದಿದೆ, ಕೇಳುವವನು ಬೇರೆಯಾಗಿದ್ದಾನೆ. ಕೋಶಗಳು ಪದವನ್ನು ‘ಅಶ್ಲೀಲ’ ಎಂದು ಗುರುತಿಸಿ ಸುಮ್ಮನಾದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

‘ಬೋಳಿಮಗ’ದ ಕಥೆ ಇನ್ನೂ ಹಿಂದಿನದು. ‘ಬೋಳು’ ಎಂದರೆ ಕೂದಲಿಲ್ಲದ್ದು; ಬೋಳಿ ಎಂದರೆ ತಲೆ ಬೋಳಿಸಿದ ವಿಧವೆ. ಅವಳಿಗೆ ಮಗನಿದ್ದಾನೆಂಬ ಮಾತಿನಲ್ಲೇ ಹಾದರದ ಆರೋಪ ಅಡಗಿದೆ. ಕೇಶಮುಂಡನ ಮುಖ್ಯವಾಗಿ ಬ್ರಾಹ್ಮಣ ಮನೆಗಳ ಕಟ್ಟಳೆ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಅದರ ಕ್ರೌರ್ಯವನ್ನು ಒಳಗಿನಿಂದ ಕಂಡ ಕಾದಂಬರಿ. ಬೈಗುಳ ಮಾತ್ರ, ಕೂಡಿಕೆಯ ಮೂಲಕ ವಿಧವೆಯರ ಮರುಮದುವೆಗೆ ಅವಕಾಶವಿದ್ದ ಸಮುದಾಯಗಳ ಬಾಯಿಗೂ ಹರಡಿತು. ಇಂದು ಕೂಗುವ ಹುಡುಗರಲ್ಲಿ ಅನೇಕರು ಬೋಳಿಯನ್ನು ಕಂಡವರಲ್ಲ. ಪದದ ಚಿತ್ರ ಅಳಿಸಿದೆ, ಗುರಿ ಅಳಿಸಿಲ್ಲ: ತಪ್ಪಿದವನು ಆಟಗಾರ, ಬಯ್ಯಿಸಿಕೊಳ್ಳುವವಳು ಅಂಗಳದಲ್ಲೇ ಇಲ್ಲದ ಅವನ ತಾಯಿ. (ತಂದೆಯನ್ನು ಹೀಗೆ ಎಳೆತರುವ ಬೈಗುಳಗಳು ನಮ್ಮಲ್ಲಿ ಎಷ್ಟು ಕಡಿಮೆ!)

ಸ್ನೇಹಿತರ ನಡುವೆ ‘ಬೋಳಿಮಗ’ವೂ ಸಲುಗೆಯ ಮಾತಾಗಬಲ್ಲದು, ಎದುರು ತಂಡದ ಊರಿನವನಿಗೆ ಆ ಸಲುಗೆಯ ಓದು ಲಭ್ಯವಿಲ್ಲ. ಅಲ್ಲಿ ಜಗಳ ಹತ್ತುವುದು ಸಹಜ. ಆದರೆ ‘ಮಗ’ದ ಹಿಂದೆ ಜಾತಿಯ ಹೆಸರು ಸೇರಿದ ಸಮಾಸ ಬೇರೆಯೇ ಬಗೆಯದು. ಸ್ವರ ಎಳೆದರೂ, ಪ್ರಥಮಪುರುಷಕ್ಕೆ ತಿರುಗಿಸಿದರೂ ಅದು ಮೆಚ್ಚುಗೆಯಾಗದು. ಏಕೆಂದರೆ ಅಲ್ಲಿ ಅವಮಾನದ ಭಾರ ಹೊತ್ತಿರುವುದು ‘ಮಗ’ವಲ್ಲ, ಅದರ ಪೂರ್ವಪದ; ಆ ಭಾರ ಒಬ್ಬನ ಮೇಲಲ್ಲ, ಅವನ ಇಡೀ ಕೇರಿಯ ಮೇಲೆ ಬೀಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದು. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾತಿ ಹೆಸರು ಹಿಡಿದು ನಿಂದಿಸುವುದನ್ನು ಅದಕ್ಕೆ 2015ರಲ್ಲಾದ ತಿದ್ದುಪಡಿ ಪ್ರತ್ಯೇಕ ಅಪರಾಧವೆಂದು ಹೆಸರಿಸಿತು. ಕಬಡ್ಡಿಯ ಅಂಗಳ ಅಂಥದೇ ಜಾಗ. ‘ಎಲ್ಲರೂ ಕೂಗಿದರು, ನಾನೂ ಕೂಗಿದೆ’ ಎಂಬ ಸಮಜಾಯಿಷಿ ಅಲ್ಲಿ ನಿಲ್ಲದು. ಗುಂಪಿನ ಘೋಷಣೆಯಲ್ಲಿ ಕೂಗಿದವನ ಗುರುತು ಮರೆಯಾದರೂ ಕರೆಯಿಸಿಕೊಂಡವನ ಗುರುತು ಎಲ್ಲರಿಗೂ ತಿಳಿಯುತ್ತದೆ.