ಬಿಟ್ಟಿಯೂ ಅಲ್ಲ, ಬಾಡಿಗೆಯೂ ಅಲ್ಲ: ಕಾಲೇಜು ಕಚೇರಿಯ ಇಆರ್‌ಪಿ ನಡೆದು ಬಂದ ದಾರಿ

“ಓಪನ್ ಸೋರ್ಸ್ ಅಂದ್ರೆ ಬಿಟ್ಟಿ ತಾನೇ ಸಾರ್?” ಆಡಳಿತ ಮಂಡಳಿಯ ಸಭೆಗಳಲ್ಲಿ ಈ ಪ್ರಶ್ನೆ ನನಗೆ ಎದುರಾಗುತ್ತಲೇ ಇದೆ. ಹಾಗೆ ಕೇಳಿದವರೇ ಎರಡು ವರ್ಷದ ನಂತರ “ಆ ಬಿಟ್ಟಿ ಸಾಫ್ಟ್‌ವೇರ್ ಕೈಕೊಟ್ಟಿತು” ಎಂದು ದೂರುವುದೂ ಉಂಟು. ಪ್ರಶ್ನೆಯೇ ತಪ್ಪು.

ಶುರುವಿನ ಕಥೆ ಚಿಕ್ಕದು. ತೊಂಬತ್ತರ ದಶಕದಲ್ಲಿ ಊರಿನ ಹುಡುಗನೊಬ್ಬ ಫಾಕ್ಸ್‌ಪ್ರೋದಲ್ಲಿ ಶುಲ್ಕದ ರಸೀದಿಯ ಪ್ರೋಗ್ರಾಂ ಬರೆದುಕೊಡುತ್ತಿದ್ದ, ಲೆಕ್ಕ ಟ್ಯಾಲಿಯಲ್ಲಿ ಇರುತ್ತಿತ್ತು. ಹುಡುಗ ಬೆಂಗಳೂರಿಗೆ ಹೋದರೆ ಪ್ರೋಗ್ರಾಮೂ ಹೋದಂತೆಯೇ. ಆಮೇಲೆ ವಿದ್ಯಾರ್ಥಿಗೆ ವರ್ಷಕ್ಕೆ ಇಷ್ಟು ಎಂದು ಬೆಲೆ ಕಟ್ಟುವ ವಾಣಿಜ್ಯ ಪ್ಯಾಕೇಜುಗಳು ಬಂದವು. ಇವುಗಳ ಮೇಲೆ ಶೇ 18 ಜಿಎಸ್‌ಟಿ ಇದೆ. ಶಿಕ್ಷಣ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಕಾಲೇಜಿಗೆ ಅದನ್ನು ಹಿಂಪಡೆಯಲು ಬರುವುದಿಲ್ಲ. ವಿದ್ಯಾರ್ಥಿಗೆ 300 ರೂಪಾಯಿ, 1,200 ವಿದ್ಯಾರ್ಥಿಗಳು ಎಂದಿಟ್ಟುಕೊಳ್ಳಿ: 3,60,000ದ ಮೇಲೆ 64,800 ಸುಮ್ಮನೆ ಕೈಬಿಟ್ಟು ಹೋಗುತ್ತದೆ.

ನಮ್ಮ ತಲೆಮಾರಿಗೆ ಕಣ್ಣು ತೆರೆಸಿದ್ದು ಫೆಡೆನಾ. ಬೆಂಗಳೂರಿನ ಫೊರಾಡಿಯನ್ ಸಂಸ್ಥೆಯ ಮುಕ್ತ ತಂತ್ರಾಂಶವದು. ಕೇರಳದ ಸರ್ಕಾರಿ ಶಾಲೆಗಳ ‘ಸಂಪೂರ್ಣ’ ಯೋಜನೆ ಅದರ ಮೇಲೆಯೇ ನಿಂತಿತು. ಮುಂದೆ ಹಣ ಕೊಡುವವರ ಆವೃತ್ತಿ ಬೆಳೆಯಿತು, ಮುಕ್ತ ಆವೃತ್ತಿ ಸೊರಗಿತು. ಕೋಡ್ ಕೈಯಲ್ಲಿದ್ದೂ ನೋಡಿಕೊಳ್ಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂದು ಅಂದು ಕಲಿತೆವು.

ಈಗ ಚರ್ಚೆಯ ಕೇಂದ್ರದಲ್ಲಿರುವುದು ಮುಂಬೈಯ ಫ್ರಾಪ್ಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್. ನನ್ನ ಒಲವೂ ಅದರ ಕಡೆಗೇ, ಮುಚ್ಚಿಡುವುದೇಕೆ? ಒಲವಿಗೆ ಕಾರಣ ಸಂಬಳ. ಅನುದಾನಿತ ಹುದ್ದೆಗಳ ವೇತನ ಸರ್ಕಾರದ ಎಚ್‌ಆರ್‌ಎಂಎಸ್ ಮೂಲಕ ಬರುತ್ತದೆ. ಕಾಲೇಜಿನ ಇಆರ್‌ಪಿ ಹೊರಬೇಕಾದದ್ದು ಆಡಳಿತ ಮಂಡಳಿ ನೇಮಿಸಿಕೊಂಡ ಸಿಬ್ಬಂದಿಯ ಸಂಬಳವನ್ನು. ಅಲ್ಲಿ ನಿಯಮಗಳು ನಿಂತಲ್ಲಿ ನಿಲ್ಲುವುದಿಲ್ಲ. ಕರ್ನಾಟಕದ ವೃತ್ತಿ ತೆರಿಗೆಯನ್ನೇ ನೋಡಿ. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ 200 ರೂಪಾಯಿ ಎಂದಾಯಿತು. 2025ರ ತಿದ್ದುಪಡಿ ಫೆಬ್ರವರಿಯಲ್ಲಿ ಮಾತ್ರ 300 ಎಂದಿತು, ವರ್ಷಕ್ಕೆ ಒಟ್ಟು 2,500.

ನನಗೆ ಗೊತ್ತಿರುವ ಕಾಲೇಜೊಂದರಲ್ಲಿ 84 ಜನ ಈ ತೆರಿಗೆಯ ವ್ಯಾಪ್ತಿಗೆ ಬರುತ್ತಾರೆ. ಅವರ ಬಾಡಿಗೆ ಸಾಫ್ಟ್‌ವೇರ್ ಫೆಬ್ರವರಿಯಲ್ಲೂ 200ನ್ನೇ ಹಿಡಿಯಿತು. ಕಂಪನಿಗೆ ದೂರು ಕೊಟ್ಟರೆ “ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ” ಎಂಬ ಉತ್ತರ. ಕೊರತೆ 8,400. ಗುಮಾಸ್ತೆ ಮೇಡಂ ಎಕ್ಸೆಲ್‌ನಲ್ಲಿ ತಿದ್ದಿ ಬ್ಯಾಂಕಿಗೆ ಕಳಿಸಿದರು. ಅಂದಿನಿಂದ ಸಾಫ್ಟ್‌ವೇರಿನ ಲೆಕ್ಕ ಒಂದು, ಬ್ಯಾಂಕಿನ ಲೆಕ್ಕ ಒಂದು. ರೋಗ ಗೊತ್ತಾಗುವುದೇ ಹೀಗೆ: ಸಂಬಳದ ಹೊತ್ತಿಗೆ ಕಚೇರಿಯ ಮೇಜಿನ ಮೇಲೆ ಎಕ್ಸೆಲ್ ತೆರೆದಿದ್ದರೆ ಇಆರ್‌ಪಿ ಸೋತಿದೆ ಎಂದೇ ಅರ್ಥ.

ಇಆರ್‌ಪಿನೆಕ್ಸ್ಟ್‌ನಲ್ಲಿ ಕಡಿತದ ಸೂತ್ರವನ್ನು ಕಚೇರಿಯಲ್ಲೇ ಬದಲಿಸಬಹುದು. ಮೊದಲ ಸಾಲು ಷರತ್ತಿನ ಖಾನೆಗೆ, ಎರಡನೆಯದು ಸೂತ್ರದ ಖಾನೆಗೆ:

```
gross_pay >= 25000
300 if getdate(start_date).month == 2 else 200
```

ಹತ್ತು ನಿಮಿಷದ ಕೆಲಸ, ಆದರೆ ಅದನ್ನು ಓದಬಲ್ಲವರು ಕಚೇರಿಯಲ್ಲಿರಬೇಕು. 14ನೇ ಆವೃತ್ತಿಯಲ್ಲಿ ಸಂಬಳ ಮತ್ತು ಶಿಕ್ಷಣ ವಿಭಾಗಗಳು ಮೂಲ ಪ್ಯಾಕೇಜಿನಿಂದ ಹೊರಬಿದ್ದು ಬೇರೆ ಆ್ಯಪ್‌ಗಳಾದವು. ಇದು ಗೊತ್ತಿಲ್ಲದೆ ಆವೃತ್ತಿ ಏರಿಸಿದ ಕಚೇರಿಗೆ ಸಂಬಳದ ಮೆನುವೇ ಮಾಯವಾದಂತೆ ಕಂಡಿರುತ್ತದೆ. ಬಿಟ್ಟಿಯ ಬೆಲೆ ಇದು: ಅರ್ಧ ಸಂಬಳದ ಒಬ್ಬ ಮನುಷ್ಯ, ಒಂದು ಸರ್ವರ್, ಮತ್ತು ಪ್ರತಿ ಏರಿಕೆಗೆ ಮೊದಲು ನಕಲಿನ ಮೇಲೊಂದು ಪರೀಕ್ಷೆ.

ಶುಲ್ಕದ ವಿಷಯದಲ್ಲಿ ವಾಣಿಜ್ಯ ಪ್ಯಾಕೇಜುಗಳಿಗೆ ನ್ಯಾಯವಾಗಿ ಅಂಕ ಕೊಡಬೇಕು. ಆನ್‌ಲೈನ್ ಪಾವತಿ ಬ್ಯಾಂಕಿಗೆ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಲ್ಲಿ ಬರುವುದಿಲ್ಲ. ಗೇಟ್‌ವೇ ಹತ್ತಾರು ಪಾವತಿಗಳನ್ನು ಒಟ್ಟುಗೂಡಿಸಿ, ಎಷ್ಟೋ ಸಲ ತನ್ನ ಶುಲ್ಕ ಮುರಿದುಕೊಂಡು, ಒಂದೇ ಮೊತ್ತವಾಗಿ ಹಾಕುತ್ತದೆ. ಪಾವತಿಯ ಸಂದೇಶ ಸಾಫ್ಟ್‌ವೇರಿಗೆ ತಲುಪದೇ ಹೋದರೆ ಹಣ ಹೋಗಿರುತ್ತದೆ, ರಸೀದಿ ಬಂದಿರುವುದಿಲ್ಲ. ಹುಡುಗಿ ಗಾಬರಿಯಾಗಿ ಎರಡನೇ ಸಲ ಕಟ್ಟುತ್ತಾಳೆ. ಒಳ್ಳೆಯ ವಾಣಿಜ್ಯ ಪ್ಯಾಕೇಜು ದಿನವೂ ಗೇಟ್‌ವೇ ವರದಿಯನ್ನು ರಸೀದಿಯ ಜೊತೆ ತಾಳೆ ನೋಡುತ್ತದೆ. ಮುಕ್ತ ತಂತ್ರಾಂಶದಲ್ಲಿ ಈ ಕೊಂಡಿಯನ್ನು ನಾವೇ ಬೆಸೆಯಬೇಕು.

ಪ್ರವೇಶಾತಿಯ ಕಥೆಯೇ ಬೇರೆ. ರಾಜ್ಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಈಗ ಯುಯುಸಿಎಂಎಸ್‌ನಲ್ಲಿ. ನಾನು ಕಂಡ ಕಚೇರಿಗಳಲ್ಲಿ ಅದೇ ಹೆಸರು, ಅದೇ ಜಾತಿ ಪ್ರಮಾಣಪತ್ರದ ಸಂಖ್ಯೆ ಕಾಲೇಜಿನ ಸಾಫ್ಟ್‌ವೇರಿಗೆ ಮತ್ತೊಮ್ಮೆ ಟೈಪ್ ಆಗುತ್ತದೆ. ಇಷ್ಟು ಎಂಜಿನಿಯರಿಂಗ್ ಕಾಲೇಜುಗಳಿರುವ ರಾಜ್ಯದಲ್ಲಿ ಈ ಸೇತುವೆಯನ್ನು ಎಲ್ಲರಿಗೂ ಮುಕ್ತವಾಗಿ ಕಟ್ಟುವ ವಿದ್ಯಾರ್ಥಿ ಪ್ರಾಜೆಕ್ಟೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಸೂತ್ರ ತಿದ್ದಬಲ್ಲವರು ಒಬ್ಬರಾದರೂ ಕಚೇರಿಯಲ್ಲಿದ್ದರೆ ಮುಕ್ತ ತಂತ್ರಾಂಶ. ಇಲ್ಲದಿದ್ದರೆ ವಾಣಿಜ್ಯ, ಆದರೆ ಬಿಡುವ ದಿನ ಇಡೀ ಮಾಹಿತಿ ಓದಬಲ್ಲ ರೂಪದಲ್ಲಿ ಕೈಗೆ ಕೊಡಬೇಕೆಂಬ ಷರತ್ತಿನೊಡನೆ. ಎರಡರಲ್ಲಿ ಯಾವುದೇ ಆಗಲಿ, ಸಹಿ ಹಾಕುವ ಮೊದಲು ನಿಮ್ಮ ಕಾಲೇಜಿನ ಹೋದ ಫೆಬ್ರವರಿಯ ಸಂಬಳ ಪಟ್ಟಿಯನ್ನು ಅದರಲ್ಲಿ ಓಡಿಸಿ ತೋರಿಸಲು ಹೇಳಿ.