ದೂರದರ್ಶನದ ರಾತ್ರಿ ವೀಕ್ಷಣಾ ವಿಧಾನ

ರಾತ್ರಿ ವೀಕ್ಷಣಾ ವಿಧಾನವು ದೂರದರ್ಶನದ ಪರದೆಯಿಂದ ಹೊಮ್ಮುವ ನೀಲಿ ಬೆಳಕಿನ ಪಾಲನ್ನು ತಗ್ಗಿಸಿ, ಚಿತ್ರಕ್ಕೆ ಹಳದಿ ಛಾಯೆ ನೀಡುವ ವ್ಯವಸ್ಥೆಯಾಗಿದೆ. ನಿದ್ರೆಗೆ ನೆರವಾಗುವುದು ಇದರ ಉದ್ದೇಶ. ಆದರೆ ಪರದೆಯ ಬಣ್ಣಕ್ಕಿಂತ ಕಣ್ಣನ್ನು ತಲುಪುವ ಒಟ್ಟು ಬೆಳಕು ಮತ್ತು ಮಲಗುವ ವೇಳೆ ಹೆಚ್ಚು ಮುಖ್ಯವಾಗಿವೆ.

## ನಿದ್ರೆಯೊಂದಿಗಿನ ಸಂಬಂಧ

ಕಣ್ಣಿನ ಅಕ್ಷಿಪಟಲದ ಕೆಲವು ಜೀವಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಅದು ಹೆಚ್ಚು ಸ್ಪಂದಿಸುತ್ತದೆ. ಆಗ ನಿದ್ರೆಯ ಸೂಚಕವಾದ ಮೆಲಟೋನಿನ್ ಸ್ರವಿಸುವುದು ತಗ್ಗುತ್ತದೆ. ರಾತ್ರಿ ವಿಧಾನದ ಹಿಂದಿರುವ ತರ್ಕ ಇದೇ.

ಫಲಿತಾಂಶಗಳು ಮಾತ್ರ ಅಷ್ಟು ಸ್ಪಷ್ಟವಾಗಿಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 167 ಯುವಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಮಲಗುವ ಮುನ್ನ ಒಂದು ಗುಂಪು ರಾತ್ರಿ ವಿಧಾನವಿದ್ದ ಫೋನನ್ನು, ಇನ್ನೊಂದು ಅದಿಲ್ಲದ ಫೋನನ್ನು ಬಳಸಿತು. ಮೂರನೆಯದು ಫೋನನ್ನೇ ಬಳಸಲಿಲ್ಲ. ಒಟ್ಟಾರೆಯಾಗಿ ಮೂರೂ ಗುಂಪುಗಳ ನಿದ್ರೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

## ಕೋಣೆಯ ಬೆಳಕು

2022ರಲ್ಲಿ ತಜ್ಞರ ತಂಡವೊಂದು, ಮಲಗುವುದಕ್ಕೆ ಮೂರು ಗಂಟೆ ಮೊದಲಿನಿಂದ ಕಣ್ಣಿಗೆ ತಾಕುವ ಬೆಳಕು 10 ಲಕ್ಸ್ ಮೀರಬಾರದೆಂದು ಸಲಹೆ ನೀಡಿತು. ಇದು ಮೆಲನಾಪ್ಸಿನ್‌ನ ಸ್ಪಂದನಕ್ಕೆ ಹೊಂದಿಸಿ ಅಳೆಯುವ ಲಕ್ಸ್ ಆಗಿದೆ.

ಜ್ಞಾನಭಾರತಿಯಂತಹ ಬಡಾವಣೆಯ ಮನೆಯೊಂದರ ನಡುಮನೆಯನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಅಲ್ಲಿ 43 ಇಂಚಿನ ಟಿ.ವಿ.ಯನ್ನು ಎಂಟು ಅಡಿ ದೂರದಿಂದ ನೋಡಲಾಗುತ್ತಿದೆ ಎಂದುಕೊಳ್ಳೋಣ. ಪರದೆ ಪ್ರಖರವಾಗಿ ಸಂಪೂರ್ಣ ಬೆಳ್ಳಗಿದ್ದರೂ ಕಣ್ಣಿಗೆ ತಲುಪುವುದು ಸುಮಾರು 25 ಲಕ್ಸ್. ಸಾಮಾನ್ಯ ದೃಶ್ಯಗಳಲ್ಲಿ ಅದು ಸುಮಾರು 6 ಲಕ್ಸ್‌ಗೆ ಇಳಿಯುತ್ತದೆ. ಅದೇ ಕೋಣೆಯ 20 ವ್ಯಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ 50 ಲಕ್ಸ್‌ಗೂ ಮೀರಿದ ಬೆಳಕನ್ನು ಕಣ್ಣಿಗೆ ತಲುಪಿಸಬಹುದು. ಆದ್ದರಿಂದ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ಪರದೆಯನ್ನು ಹಳದಿಯಾಗಿಸುವುದರಿಂದ ಪ್ರಯೋಜನ ಅತ್ಯಲ್ಪ. ಅದನ್ನು ಆರಿಸಿ, ಟಿ.ವಿ.ಯ ಹಿಂಬದಿಯಲ್ಲಿ ಸಣ್ಣ ದೀಪವಿಡುವುದು ಉತ್ತಮ. ಪೂರ್ಣ ಕತ್ತಲೆಯಲ್ಲಿ ಪರದೆ ಕಣ್ಣಿಗೆ ಕುಕ್ಕುವುದನ್ನು ಈ ದೀಪ ತಗ್ಗಿಸುತ್ತದೆ.

## ಪ್ರಖರತೆಯನ್ನು ತಗ್ಗಿಸುವ ಕ್ರಮ

ಮೊದಲು Vivid ವಿಧಾನದ ಬದಲು Cinema ಅಥವಾ Movie ವಿಧಾನವನ್ನು, ಬಣ್ಣದ ಛಾಯೆಗೆ Warm ಅನ್ನು ಆರಿಸಬೇಕು. ಬಳಿಕ ಹಿಂಬದಿ ಬೆಳಕನ್ನು, ಅಂದರೆ Backlight ಅನ್ನು, ಬಿಳಿಯ ಭಾಗಗಳು ಕಣ್ಣಿಗೆ ಹಿತವೆನಿಸುವವರೆಗೆ ಇಳಿಸಬೇಕು. ಓಎಲ್‌ಇಡಿ ಪರದೆಗಳಲ್ಲಿ ಇದಕ್ಕೆ OLED Light ಎಂಬಂತಹ ಹೆಸರಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪೆಂದರೆ Brightness ಅನ್ನು ಇಳಿಸುವುದು. ಅನೇಕ ಟಿ.ವಿ.ಗಳಲ್ಲಿ ಅದು ಕಪ್ಪಿನ ಮಟ್ಟವನ್ನು ಮಾತ್ರ ಬದಲಿಸುತ್ತದೆ. ಇನ್ನು ಕೆಲವು ತಯಾರಿಕೆಗಳಲ್ಲಿ ಅದೇ ಹೆಸರು ಹಿಂಬದಿ ಬೆಳಕನ್ನು ಸೂಚಿಸುತ್ತದೆ. ಕತ್ತಲ ದೃಶ್ಯವೊಂದನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಬಹುದು. ಕಪ್ಪು ಉಡುಪಿನ ಮಡಿಕೆಗಳು ಮಾಯವಾಗಿ, ಬಿಳಿಯ ಭಾಗಗಳು ಮೊದಲಿನಷ್ಟೇ ಪ್ರಖರವಾಗಿದ್ದರೆ ಬದಲಾಗಿರುವುದು ಕಪ್ಪಿನ ಮಟ್ಟ. ಅದನ್ನು ಹಿಂದಿನ ಸ್ಥಿತಿಗೆ ತರಬೇಕು. ಎಚ್‌ಡಿಆರ್ ಕಾರ್ಯಕ್ರಮ ಆರಂಭವಾದೊಡನೆ ಹಿಂಬದಿ ಬೆಳಕು ತಾನಾಗಿಯೇ ಏರುವ ಸಾಧ್ಯತೆಯಿದ್ದು, ಅಲ್ಲಿ ಅದನ್ನು ಪ್ರತ್ಯೇಕವಾಗಿ ಹೊಂದಿಸಬೇಕಾಗುತ್ತದೆ.

## ಮಿತಿಗಳು

ಬೆಳಕು ಎಷ್ಟೇ ಮಂದವಾಗಿದ್ದರೂ, ಒಂದರ ಹಿಂದೊಂದರಂತೆ ಕಂತುಗಳನ್ನು ನೋಡುತ್ತ ಕಳೆದ ನಿದ್ರೆಯ ವೇಳೆಯನ್ನು ಅದು ಮರಳಿಸಲಾರದು. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ‘ಶಟ್’ ಚಿಕಿತ್ಸಾಲಯವನ್ನು ಆರಂಭಿಸಿತು. ದಿನಕ್ಕೆ ಏಳು ಗಂಟೆಗೂ ಹೆಚ್ಚು ಕಾಲ ಧಾರಾವಾಹಿಗಳನ್ನು ನೋಡುತ್ತಿದ್ದ 26 ವರ್ಷದ ಯುವಕನೊಬ್ಬ ಅಲ್ಲಿ ಚಿಕಿತ್ಸೆಗೆ ಬಂದ ಪ್ರಕರಣವು 2018ರಲ್ಲಿ ವರದಿಯಾಗಿತ್ತು. ಇಂತಹ ಸಂದರ್ಭಗಳಲ್ಲಿ ರಾತ್ರಿ ವಿಧಾನಕ್ಕಿಂತ, ಗೊತ್ತುಪಡಿಸಿದ ವೇಳೆಗೆ ಟಿ.ವಿ.ಯನ್ನು ತಾನಾಗಿಯೇ ಆರಿಸುವ Sleep Timer ಹೆಚ್ಚು ಉಪಯುಕ್ತ.